ಮೊಂಡಾದ ಮೂಲೆ: ಎಕ್ಸ್‌ರೇ ವರದಿಯ ಒಂದು ಸಾಲಿನ ಹಿಂದೆ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಕರಾವಳಿಯ ಆಸ್ಪತ್ರೆಯೊಂದರ ಶ್ವಾಸಕೋಶ ವಿಭಾಗದಲ್ಲಿ ನಾನು ಆಪ್ತಸಲಹೆಗಾರ್ತಿ. ರೋಗನಿರ್ಣಯ ಮಾಡುವುದು ವೈದ್ಯರು. ಅವರು ಹೇಳಿದ್ದು ಮನೆಯವರಿಗೆ ಅರ್ಥವಾಗಿದೆಯೇ, ಮುಂದಿನ ಹೆಜ್ಜೆಗೆ ಅವರು ಸಿದ್ಧರಿದ್ದಾರೆಯೇ ಎಂಬುದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಈ ಪ್ರಕರಣದ ಯುವಕನಿಗೆ 26 ವರ್ಷ, ವೃತ್ತಿಯಿಂದ ಎಲೆಕ್ಟ್ರಿಷಿಯನ್. ಕೊಲ್ಲಿ ದೇಶವೊಂದರಲ್ಲಿ ಕೆಲಸ ನಿಶ್ಚಯವಾಗಿತ್ತು. ಅಲ್ಲಿಗೆ ಹೋಗುವವರ ವೈದ್ಯಕೀಯ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ ಇರುವುದರಿಂದ, ಯಾವುದಕ್ಕೂ ಇರಲಿ ಎಂದು ಮೊದಲೇ ಒಂದು ಎಕ್ಸ್‌ರೇ ತೆಗೆಸಿದ್ದರು. ವರದಿಯಲ್ಲಿದ್ದದ್ದು ಒಂದೇ ಸಾಲು: ಎಡಗಡೆಯ ಕಾಸ್ಟೋಫ್ರೆನಿಕ್ ಕೋನ ಮೊಂಡಾಗಿದೆ, ಶ್ವಾಸಕೋಶದ ಸುತ್ತ ನೀರು ಇರಬಹುದು.

ಜೊತೆಗೆ ತಾಯಿ ಬಂದಿದ್ದರು. ಕುಳಿತುಕೊಳ್ಳುವ ಮೊದಲೇ ಅವರು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಮೇಡಂ, ನಾಲ್ಕು ದಿನದಿಂದ ಇವನಿಗೆ ನೀರು ಕಡಿಮೆ ಮಾಡಿದ್ದೇನೆ, ಗಂಜಿಯೂ ದಪ್ಪಗೆ ಕೊಡುತ್ತಿದ್ದೇನೆ. ಒಳಗೆ ಇರುವ ನೀರು ಇಂಗಬೇಕಲ್ಲ?"

ಈ ತಪ್ಪು ತಿಳಿವಳಿಕೆ ಅವರೊಬ್ಬರದ್ದಲ್ಲ. ನಾವೇ, ಆಸ್ಪತ್ರೆಯವರೇ, ಸುಲಭವಾಗಲಿ ಎಂದು "ಶ್ವಾಸಕೋಶದಲ್ಲಿ ನೀರು ತುಂಬಿದೆ" ಎನ್ನುತ್ತೇವೆ. ಆ ಮಾತಿನಲ್ಲಿ ಎರಡು ತಪ್ಪುಗಳಿವೆ. ದ್ರವ ಇರುವುದು ಶ್ವಾಸಕೋಶದ ಒಳಗಲ್ಲ, ಹೊರಗೆ. ಅದು ಕುಡಿದ ನೀರೂ ಅಲ್ಲ. ಶ್ವಾಸಕೋಶಕ್ಕೆ ಅಂಟಿಕೊಂಡು ಒಂದು ತೆಳು ಪೊರೆ, ಎದೆಗೂಡಿನ ಒಳಮೈಗೆ ಅಂಟಿಕೊಂಡು ಇನ್ನೊಂದು ಪೊರೆ ಇರುತ್ತವೆ. ಉಸಿರಾಡುವಾಗ ಒಂದರ ಮೇಲೊಂದು ಜಾರಲೆಂದು ಆರೋಗ್ಯವಂತರಲ್ಲಿಯೂ ಅವುಗಳ ನಡುವೆ ಕೆಲವು ಚಮಚದಷ್ಟು ದ್ರವ ಸದಾ ಇರುತ್ತದೆ; ಜಿನುಗಿದಷ್ಟೇ ಹೀರಿಹೋಗುತ್ತಲೂ ಇರುತ್ತದೆ. ಜಿನುಗುವುದು ಹೆಚ್ಚಾದರೆ, ಅಥವಾ ಹೀರುವ ದಾರಿ ಕಟ್ಟಿಕೊಂಡರೆ, ದ್ರವ ಶೇಖರವಾಗುತ್ತದೆ. ಮಗನಿಗೆ ನೀರು ತಪ್ಪಿಸಿದರೆ ಅವನು ಸೊರಗುತ್ತಾನೆಯೇ ಹೊರತು ಆ ದ್ರವ ಇಂಗುವುದಿಲ್ಲವೆಂದು ತಾಯಿಗೆ ಹೇಳಿದೆ. ಅವರು ಒಡನೆ ಚೀಲದಿಂದ ನೀರಿನ ಬಾಟಲಿ ತೆಗೆದು ಮಗನ ಕೈಗೆ ಕೊಟ್ಟರು.

ಆಮೇಲೆ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಎಡಭಾಗವನ್ನು ಕಾಗದದಿಂದ ಮುಚ್ಚಿ, ಮೊದಲು ಬಲಭಾಗವನ್ನು ತೋರಿಸಿದೆ. ಹೊಟ್ಟೆಯನ್ನೂ ಎದೆಯನ್ನೂ ಬೇರ್ಪಡಿಸುವ ವಪೆ ಗುಮ್ಮಟದಂತೆ ಮೇಲೆದ್ದು, ಹೊರಬದಿಗೆ ಇಳಿದು, ಪಕ್ಕೆಲುಬುಗಳ ಗೋಡೆಯನ್ನು ಸೇರುವಲ್ಲಿ ಒಂದು ಚೂಪಾದ ಕಪ್ಪು ಮೂಲೆ ಕಾಣುತ್ತದೆ. ವರದಿ ಹೇಳಿದ ಕಾಸ್ಟೋಫ್ರೆನಿಕ್ ಕೋನ ಇದೇ, ಗಾಳಿ ತುಂಬಿದ ಶ್ವಾಸಕೋಶದ ಕೆಳತುದಿ. ಕಾಗದ ಸರಿಸಿದಾಗ ಎಡಗಡೆ ಆ ಮೊನೆ ಇರಲಿಲ್ಲ. ಅದರ ಜಾಗದಲ್ಲಿ ಬಿಳಿ ಛಾಯೆ ತುಂಬಿ, ಹೊರಗೋಡೆಯ ಕಡೆಗೆ ತುಸು ಮೇಲೇರಿ, ಬಾಗಿದ ಗೆರೆಯಾಗಿ ನಿಂತಿತ್ತು. "ಚೂರಿಯ ತುದಿ ಮುರಿದ ಹಾಗೆ," ಎಂದ ಯುವಕ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ನಿಂತಾಗ ದ್ರವ ಎಲ್ಲಕ್ಕಿಂತ ತಗ್ಗಾದ ಜಾಗಕ್ಕೆ ಇಳಿಯುತ್ತದೆ, ಆ ತಗ್ಗು ಇರುವುದು ಬೆನ್ನಿನ ಕಡೆಗೆ. ಆದ್ದರಿಂದ ಎದುರಿನಿಂದ ತೆಗೆದ ಚಿತ್ರದಲ್ಲಿ ಹೊರಮೂಲೆ ಮೊಂಡಾಗಿ ಕಾಣುವಷ್ಟರಲ್ಲಿ ಸುಮಾರು 200 ಮಿಲಿಲೀಟರ್, ಕೆಲವರಲ್ಲಿ ಇನ್ನೂ ಹೆಚ್ಚು, ಸೇರಿರುತ್ತದೆ; ಪಕ್ಕದಿಂದ ತೆಗೆದ ಚಿತ್ರದಲ್ಲಿ ಇದಕ್ಕಿಂತ ಬಹಳ ಕಡಿಮೆ ಇದ್ದರೂ ಗೊತ್ತಾಗುತ್ತದೆ, ಅಲ್ಟ್ರಾಸೌಂಡಿನಲ್ಲಂತೂ ಒಂದೆರಡು ಚಮಚ ಇದ್ದರೂ ಸಾಕು. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ದ್ರವ ಬೆನ್ನುದ್ದಕ್ಕೂ ಹರಡಿಕೊಳ್ಳುವುದರಿಂದ ಮೂಲೆ ಚೂಪಾಗಿಯೇ ಉಳಿದು, ಆ ಬದಿ ಬರೀ ಮಸುಕಾಗಿ ಕಾಣಬಹುದು.

ಆದರೆ ಮೊಂಡಾದ ಮೂಲೆಯೆಲ್ಲವೂ ದ್ರವವಲ್ಲ. ಹಿಂದೆಂದೋ ಬಂದುಹೋದ ನ್ಯುಮೋನಿಯಾ, ಕೀವು ಅಥವಾ ಕ್ಷಯದಿಂದ ಪೊರೆಗಳು ದಪ್ಪಗಾಗಿ ಅಂಟಿಕೊಂಡಿದ್ದರೂ ಮೂಲೆ ಹೀಗೆಯೇ ಕಾಣುತ್ತದೆ. ಬೀಡಿ ಸೇದಿ ಶ್ವಾಸಕೋಶ ಉಬ್ಬಿ ವಪೆ ಚಪ್ಪಟೆಯಾದವರಲ್ಲಿಯೂ ಹಾಗೆ ಕಾಣುವುದುಂಟು. ಹೀಗಾಗಿ ನಾನು ಮೊದಲು ಕೇಳುವ ಪ್ರಶ್ನೆ, "ಹಳೆಯ ಎಕ್ಸ್‌ರೇ ಇದೆಯೇ?" ಎಂದು. ಐದು ವರ್ಷದ ಹಿಂದಿನ ಫಿಲ್ಮಿನಲ್ಲಿಯೂ ಅದೇ ಮೊಂಡು ಮೂಲೆ ಇದ್ದರೆ ಅದು ಬಹುಪಾಲು ಕಲೆ. ಇಲ್ಲದಿದ್ದರೆ ಹೊಸ ಸಂಗತಿ. ಅಟ್ಟದ ಮೇಲೆ ಬಿದ್ದಿರುವ ಹಳೆಯ ಫಿಲ್ಮು ದುಬಾರಿ ಸ್ಕ್ಯಾನನ್ನೇ ತಪ್ಪಿಸಿದ್ದನ್ನು ನಾನು ನೋಡಿದ್ದೇನೆ. ಈ ಯುವಕ ಎರಡು ವರ್ಷದ ಹಿಂದೆ ಇನ್ನೊಂದು ಕೆಲಸಕ್ಕಾಗಿ ತೆಗೆಸಿದ್ದ ಎಕ್ಸ್‌ರೇಯ ಚಿತ್ರ ಅವನ ಮೊಬೈಲಿನಲ್ಲೇ ಸಿಕ್ಕಿತು. ಅದರಲ್ಲಿ ಎರಡೂ ಮೂಲೆಗಳು ಚೂಪಾಗಿದ್ದವು.

ಅಲ್ಲಿಯವರೆಗೆ "ನನಗೆ ಏನೂ ತೊಂದರೆಯಿಲ್ಲ" ಎನ್ನುತ್ತಿದ್ದವನು ಆಗ ಬಾಯಿಬಿಟ್ಟ. ಐದು ವಾರದ ಹಿಂದೆ ಆಳವಾಗಿ ಉಸಿರೆಳೆದರೆ ಎಡಪಕ್ಕೆಯಲ್ಲಿ ಚುಚ್ಚುತ್ತಿತ್ತು. ಔಷಧದಂಗಡಿಯಿಂದ ತಂದ ಆಂಟಿಬಯೋಟಿಕ್ಕನ್ನು ಐದು ದಿನ ನುಂಗಿದ್ದ. ಹತ್ತು ದಿನದಲ್ಲಿ ನೋವು ಹೋಯಿತು, ಗುಣವಾಯಿತೆಂದುಕೊಂಡ. ಸಂಜೆಯ ಸಣ್ಣ ಜ್ವರ ಮಾತ್ರ ಬಿಡಲಿಲ್ಲ, ತೂಕ ನಾಲ್ಕು ಕಿಲೋ ಇಳಿದಿತ್ತು. ನೋವು ಹೋದದ್ದೇ ಇಲ್ಲಿ ಮೋಸದ ಸಂಗತಿ: ಉರಿಯೂತವಾದ ಎರಡು ಪೊರೆಗಳು ಉಜ್ಜಿಕೊಳ್ಳುವವರೆಗೆ ಚುಚ್ಚು ನೋವಿರುತ್ತದೆ, ನಡುವೆ ದ್ರವ ಸೇರಿ ಅವನ್ನು ದೂರ ಸರಿಸಿದಾಗ ನೋವು ಕಡಿಮೆಯಾಗುತ್ತದೆ. ಔಷಧದಂಗಡಿಯ ಕೆಲವು ಆಂಟಿಬಯೋಟಿಕ್ಕುಗಳು ಕ್ಷಯದ ಲಕ್ಷಣವನ್ನು ತುಸು ತಗ್ಗಿಸಿ ರೋಗ ಪತ್ತೆಯಾಗುವುದನ್ನು ಮುಂದಕ್ಕೆ ತಳ್ಳುತ್ತವೆಂಬುದನ್ನೂ ಅವನಿಗೆ ಹೇಳಬೇಕಾಯಿತು.

ಅಲ್ಟ್ರಾಸೌಂಡಿನಲ್ಲಿ ಎಡಗಡೆ ಸುಮಾರು ಅರ್ಧ ಲೀಟರ್ ದ್ರವ ಕಂಡಿತು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ದ್ರವ ಸೇರಿದ್ದರೆ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ, ಕಾಲೂ ಊದಿರುತ್ತದೆ, ಆಗ ಮೂಲ ರೋಗಕ್ಕೆ ಔಷಧ ಕೊಟ್ಟರೆ ದ್ರವ ತಾನಾಗಿ ಇಳಿಯುವುದರಿಂದ ಎಷ್ಟೋ ಸಲ ಸೂಜಿಯೇ ಬೇಕಾಗುವುದಿಲ್ಲ. ಒಂದೇ ಕಡೆ ದ್ರವ, ಜೊತೆಗೆ ಜ್ವರ ಎಂದಾಗ ದ್ರವವನ್ನು ತೆಗೆದು ನೋಡಲೇಬೇಕು. ಮನೆಯವರು ಬೆಚ್ಚಿದ್ದು ಇಲ್ಲಿಯೇ. ಸೂಜಿ ಶ್ವಾಸಕೋಶಕ್ಕೆ ತಾಗಿದರೆ? ಒಮ್ಮೆ ತೆಗೆದರೆ ಮತ್ತೆ ಮತ್ತೆ ತುಂಬುತ್ತದಂತೆ, ಹೌದೇ?

ನಡೆಯುವುದನ್ನು ನಡೆಯುವ ಕ್ರಮದಲ್ಲಿಯೇ ವಿವರಿಸಿದೆ. ಮಂಚದ ಅಂಚಿನಲ್ಲಿ ಕೂರಿಸಿ, ಮುಂದಿನ ಮೇಜಿನ ಮೇಲೆ ದಿಂಬಿಟ್ಟು ಅದಕ್ಕೆ ಕೈಯೂರಿ ಬಾಗಿಸುತ್ತಾರೆ. ಅಲ್ಟ್ರಾಸೌಂಡಿನಲ್ಲಿ ಜಾಗ ಗುರುತಿಸಿ, ಬೆನ್ನಿಗೆ ಮರಗಟ್ಟುವ ಚುಚ್ಚುಮದ್ದು ಕೊಡುತ್ತಾರೆ. ಪ್ರತಿ ಪಕ್ಕೆಲುಬಿನ ಕೆಳಅಂಚಿನಲ್ಲಿ ರಕ್ತನಾಳವೂ ನರವೂ ಸಾಗುವುದರಿಂದ ಸೂಜಿಯನ್ನು ಪಕ್ಕೆಲುಬಿನ ಮೇಲಂಚನ್ನು ಸವರಿಕೊಂಡು ಒಳಕ್ಕೆ ಬಿಡುತ್ತಾರೆ. ಆಗ ಕೆಮ್ಮಬಾರದು, ಕೆಮ್ಮು ಬರುವಂತಿದ್ದರೆ ಮೊದಲೇ ಹೇಳಬೇಕು. ಗಾಳಿ ಸೇರುವ ಅಪಾಯ ಇಲ್ಲವೇ ಇಲ್ಲ ಎಂದು ನಾನು ಹೇಳಲಿಲ್ಲ. ಜಾಗ ನೋಡಿ ಚುಚ್ಚಿದಾಗ ಅದು ಕಡಿಮೆ, ಆಮೇಲೆ ಉಸಿರು ಕಟ್ಟಿದಂತಾದರೆ ಅಥವಾ ಎದೆನೋವು ಹೆಚ್ಚಿದರೆ ಕೂಡಲೇ ಕರೆಯಬೇಕು ಎಂದೆ. ಮತ್ತೆ ತುಂಬಿದರೆ ಅದು ಸೂಜಿಯಿಂದಲ್ಲ, ಕಾರಣಕ್ಕೆ ಇನ್ನೂ ಚಿಕಿತ್ಸೆಯಾಗದಿರುವುದರಿಂದ.

ಬಂದ ದ್ರವ ಒಣಹುಲ್ಲಿನ ಬಣ್ಣದ್ದು. ತಾಯಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ರಕ್ತವಿಲ್ಲವೆಂದು ನಿಟ್ಟುಸಿರುಬಿಟ್ಟರು. ದ್ರವದಲ್ಲಿ ಪ್ರೋಟೀನು 5.1 ಗ್ರಾಂ, ಅದೇ ದಿನ ರಕ್ತದಲ್ಲಿ 7.2 ಗ್ರಾಂ. ರಕ್ತದಲ್ಲಿರುವುದರ ಅರ್ಧಕ್ಕಿಂತ ಹೆಚ್ಚು ಪ್ರೋಟೀನು ದ್ರವದಲ್ಲಿದ್ದರೆ ಪೊರೆಯೇ ಉರಿಯೂತಗೊಂಡಿದೆ ಎಂದು ಹಿಡಿಯುತ್ತಾರೆ. 1972ರಲ್ಲಿ ರಿಚರ್ಡ್ ಲೈಟ್ ಮತ್ತು ಸಂಗಡಿಗರು ಗೊತ್ತುಪಡಿಸಿದ ಅಳತೆಗಳಲ್ಲಿ ಇದೊಂದು, ಇಂದಿಗೂ ಬಳಕೆಯಲ್ಲಿದೆ. ಜೀವಕೋಶಗಳಲ್ಲಿ ಹೆಚ್ಚಿನವು ಲಿಂಫೋಸೈಟುಗಳು, ಎಡಿಎ ಎಂಬ ಕಿಣ್ವ 68 ಇತ್ತು. 40ಕ್ಕಿಂತ ಮೇಲಿದ್ದರೆ ಕ್ಷಯದ ಕಡೆಗೆ ಬೆರಳು ತೋರಿಸುತ್ತದೆ. ಆದರೆ ಕ್ಷಯಾಣುವಿಗಾಗಿ ಮಾಡಿದ ಸಿಬಿನ್ಯಾಟ್ ಪರೀಕ್ಷೆ ದ್ರವದಲ್ಲಿಯೂ ಕಫದಲ್ಲಿಯೂ ನೆಗೆಟಿವ್ ಬಂತು.

"ನೆಗೆಟಿವ್ ಅಂತ ಬರೆದಿದ್ದಾರೆ, ಹಾಗಾದರೆ ಆರು ತಿಂಗಳು ಮಾತ್ರೆ ಎಂತಕ್ಕೆ?" ತಾಯಿಯ ಪ್ರಶ್ನೆ ನ್ಯಾಯವಾದದ್ದೇ. ಪೊರೆಯ ಕ್ಷಯದಲ್ಲಿ ದ್ರವ ಸೇರುವುದು ಬಹುಮಟ್ಟಿಗೆ ಕೆಲವೇ ಕ್ಷಯಾಣುಗಳ ವಿರುದ್ಧ ಶರೀರ ತೋರುವ ರೋಷದಿಂದ. ದ್ರವದಲ್ಲಿ ಅಣುಗಳು ವಿರಳವಾದ್ದರಿಂದ ಪರೀಕ್ಷೆಗೆ ಸಿಗದಿರುವುದೇ ಸಾಮಾನ್ಯ. ವಯಸ್ಸು, ಜ್ವರ, ಲಿಂಫೋಸೈಟು, ಎಡಿಎ ಇವೆಲ್ಲ ಒಂದೇ ಕಡೆಗೆ ವಾಲಿದ್ದರಿಂದ ವೈದ್ಯರು ಕ್ಷಯವೆಂದು ನಿರ್ಧರಿಸಿದರು. ಇದೇ ವರದಿ 60 ದಾಟಿದ, ಧೂಮಪಾನಿಯಾದ, ದ್ರವದಲ್ಲಿ ರಕ್ತ ಬೆರೆತ ವ್ಯಕ್ತಿಯದಾಗಿದ್ದರೆ ಎಡಿಎ ಒಂದನ್ನೇ ನಂಬುತ್ತಿರಲಿಲ್ಲ; ಕೀವಿನಲ್ಲಿಯೂ ಕೆಲವು ಕ್ಯಾನ್ಸರುಗಳಲ್ಲಿಯೂ ಅದು ಏರುತ್ತದೆ, ಪೊರೆಯ ತುಣುಕನ್ನೇ ತೆಗೆದು ನೋಡಬೇಕಾಗುತ್ತಿತ್ತು. ಕಫದಲ್ಲಿ ಅಣು ಸಿಗದೆ, ಎಕ್ಸ್‌ರೇಯಲ್ಲಿ ಶ್ವಾಸಕೋಶದೊಳಗೆ ಗಾಯವೂ ಇಲ್ಲದ್ದರಿಂದ ಇತರರಿಗೆ ಹರಡುವ ಭಯವಿರಲಿಲ್ಲ. ತಟ್ಟೆ ಲೋಟ ಬೇರೆ ಮಾಡುವುದು, ತಂಗಿಯ ಮಗುವನ್ನು ದೂರವಿಡುವುದು ಬೇಡವೆಂದೆ.

ಚಿಕಿತ್ಸೆ ಸರ್ಕಾರದ ಕ್ಷಯ ನಿರ್ಮೂಲನಾ ಕಾರ್ಯಕ್ರಮದಡಿ ಉಚಿತವಾಗಿ ಆರಂಭವಾಯಿತು: ತೂಕಕ್ಕೆ ತಕ್ಕಂತೆ ಎರಡು ತಿಂಗಳು ನಾಲ್ಕು ಔಷಧಗಳು, ಆಮೇಲೆ ನಾಲ್ಕು ತಿಂಗಳು ಮೂರು. ಮೂತ್ರ ಕಿತ್ತಳೆ ಬಣ್ಣವಾದರೆ ಹೆದರಬೇಡಿ, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅಥವಾ ದೃಷ್ಟಿ ಮಂಜಾದರೆ ಅದೇ ದಿನ ಬನ್ನಿ ಎಂದು ಬರೆದುಕೊಟ್ಟೆ. ಮೊದಲ ವಾರಗಳಲ್ಲಿ ದ್ರವ ಸ್ವಲ್ಪ ಹೆಚ್ಚಿದರೂ ಔಷಧ ಸೋತಿತೆಂದು ಅರ್ಥವಲ್ಲವೆಂದೂ ಹೇಳಿದೆ.

ಕೊಲ್ಲಿಯ ಕೆಲಸದ ಮಾತು ಕೊನೆಗೆ ಬಂತು. ಏಜೆಂಟರೊಬ್ಬರು ಬೇರೊಬ್ಬನ ಎಕ್ಸ್‌ರೇ ಹೊಂದಿಸಿಕೊಡುವುದಾಗಿ ಹೇಳಿದ್ದರಂತೆ. ಅಲ್ಲಿ ಇಳಿದ ಮೇಲೆ ಮತ್ತೆ ತಪಾಸಣೆಯಾಗುತ್ತದೆ, ಸಿಕ್ಕಿಬಿದ್ದರೆ ವಾಪಸು ಕಳುಹಿಸುತ್ತಾರೆ, ನಡುವೆ ಮಾತ್ರೆಯೂ ತಪ್ಪುತ್ತದೆ ಎಂದೆ. ಅವನು ಒಂದು ವಾರ ಬರಲಿಲ್ಲ. ನಾನು ಫೋನ್ ಮಾಡಲಿಲ್ಲ. ಎಂಟನೆಯ ದಿನ ಮಾತ್ರೆಯ ಖಾಲಿ ಹಾಳೆಗಳನ್ನು ಹಿಡಿದುಕೊಂಡು ತಾನೇ ಬಂದ.

ನನ್ನದೂ ಒಂದು ತಪ್ಪಾಯಿತು. ಮೊದಲ ಭೇಟಿಯಲ್ಲಿ ಧೈರ್ಯ ಹೇಳುವ ಭರದಲ್ಲಿ "ಮೂಲೆ ಮೊದಲಿನ ಹಾಗೆ ಆಗುತ್ತದೆ" ಎಂದುಬಿಟ್ಟಿದ್ದೆ. ಎರಡು ತಿಂಗಳಿಗೆ ಜ್ವರ ಬಿಟ್ಟಿತ್ತು, ಮೂರು ಕಿಲೋ ತೂಕ ಮರಳಿತ್ತು, ದ್ರವ ಬಹುತೇಕ ಇಂಗಿತ್ತು; ಆದರೆ ಆರು ತಿಂಗಳ ಕೊನೆಯ ಎಕ್ಸ್‌ರೇಯಲ್ಲಿಯೂ ಎಡಮೂಲೆ ತುಸು ದುಂಡಗೆಯೇ ಇತ್ತು. ಅಲ್ಟ್ರಾಸೌಂಡಿನಲ್ಲಿ ದ್ರವವಿಲ್ಲ, ಪೊರೆ ದಪ್ಪಗಾಗಿದೆ ಅಷ್ಟೆ. ಪೊರೆಯ ಕ್ಷಯ ಪೂರ್ತಿ ಗುಣವಾದವರಲ್ಲಿಯೂ ಈ ಕಲೆ ಉಳಿಯುವುದು ಅಪರೂಪವಲ್ಲ, ಅದಕ್ಕೆ ಮಾತ್ರೆ ಮುಂದುವರಿಸಬೇಕಿಲ್ಲ. ಇದನ್ನು ಮೊದಲೇ ಹೇಳಿದ್ದರೆ ಅಂದು ಅವನ ಮುಖ ಹಾಗೆ ಕಪ್ಪಿಡುತ್ತಿರಲಿಲ್ಲ. ಈಗ ನಾನು ಮೊದಲ ದಿನವೇ ಹೇಳುತ್ತೇನೆ.

ಹಳೆಯ ಕ್ಷಯದ ಕಲೆಗೂ ಕೊಲ್ಲಿ ದೇಶಗಳ ತಪಾಸಣೆಯಲ್ಲಿ ಅನರ್ಹರೆನ್ನುವ ಸಾಧ್ಯತೆ ಇದೆಯೆಂಬುದನ್ನು ಈ ಸಲ ಮುಚ್ಚಿಡಲಿಲ್ಲ. ವೈದ್ಯರು ಚಿಕಿತ್ಸೆ ಮುಗಿದ ಪತ್ರದಲ್ಲಿ "ಎಡಮೂಲೆಯ ಮೊಂಡುತನ ಗುಣವಾದ ರೋಗದ ಗುರುತು, ದ್ರವವಿಲ್ಲ" ಎಂದು ದಿನಾಂಕಸಹಿತ ಬರೆದುಕೊಟ್ಟರು. ಮೊದಲ, ಎರಡನೆಯ ಮತ್ತು ಕೊನೆಯ ಫಿಲ್ಮುಗಳನ್ನು ಆ ಪತ್ರದೊಂದಿಗೆ ಒಂದೇ ಲಕೋಟೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಯಾರೇ ಎಕ್ಸ್‌ರೇ ತೆಗೆದರೂ ಹೊಸದರ ಪಕ್ಕದಲ್ಲಿ ಹಳೆಯದನ್ನು ಇಟ್ಟು ನೋಡುವಂತೆ ಕೇಳಿ ಎಂದೆ. ತಾಯಿ ಲಕೋಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದರು. ಹೊರಗೆ ಮಳೆ ಹಿಡಿದಿತ್ತು.