ಬೆಲ್ಲದ ಕೇಕ್ ಟಿನ್ನು ಬಿಟ್ಟು ಬರುವುದಿಲ್ಲವೇಕೆ?

ಪ್ರಶ್ನೆ: ಮೊಟ್ಟೆ ಹಾಕದ ಬಾಳೆಹಣ್ಣು-ಬೆಲ್ಲದ ಕೇಕ್ ಮಾಡುತ್ತೇನೆ. ಚೆನ್ನಾಗಿ ಬೇಯುತ್ತದೆ, ಆದರೆ ಕವುಚಿ ಹಾಕಿದರೆ ತಳ ಟಿನ್ನಿನಲ್ಲೇ ಉಳಿಯುತ್ತದೆ. ಬೆಣ್ಣೆ ಸವರಿ ಮೈದಾ ಉದುರಿಸಿ ನೋಡಿದೆ. ಬಟರ್ ಪೇಪರ್ ಹಾಕಿದರೆ ಕಾಗದವೇ ಕೇಕಿಗೆ ಅಂಟಿತು. ನನ್ನಲ್ಲಿ ಎಂಟು ಇಂಚಿನ ದುಂಡು ಅಲ್ಯೂಮಿನಿಯಂ ಟಿನ್ ಮತ್ತು ಒಂದು ಲೋಫ್ ಟಿನ್ ಇವೆ. ಈಗ ಮಗಳು ನಡುವೆ ಕೊಳವೆಯಿರುವ ಬಂಟ್ ಅಚ್ಚನ್ನೂ ತಂದಿದ್ದಾಳೆ. ಯಾವುದಕ್ಕೆ ಏನು ಮಾಡಬೇಕು?
— ಗೃಹಿಣಿ, ಡೊಂಬಿವಲಿ

ಉತ್ತರ: ನಿಮ್ಮ ಕಾಗದದ ಮೇಲೆಯೇ ನನಗೆ ಮೊದಲ ಅನುಮಾನ. ಮುಂಬೈಯ ಅಂಗಡಿಗಳಲ್ಲಿ ‘ಬಟರ್ ಪೇಪರ್’ ಎಂದು ಕೇಳಿದರೆ ಮೂರು ಬೇರೆ ಬೇರೆ ಕಾಗದಗಳಲ್ಲಿ ಯಾವುದಾದರೊಂದು ಕೈಗೆ ಬರುತ್ತದೆ. ಒಂದು, ಎಣ್ಣೆ ಹೀರದ ತೆಳು ಕಾಗದ. ಸ್ಯಾಂಡ್‌ವಿಚ್ ಸುತ್ತಿ ಕೊಡಲು, ಮಿಠಾಯಿ ಡಬ್ಬದ ತಳಕ್ಕೆ ಹಾಸಲು ಬಳಸುವಂಥದ್ದು. ಇನ್ನೊಂದು ಮೇಣದ ಕಾಗದ. ಮೂರನೆಯದು ಸಿಲಿಕೋನ್ ಲೇಪವಿರುವ ಪಾರ್ಚ್‌ಮೆಂಟ್. ಕೇಕಿಗೆ ಬೇಕಾದದ್ದು ಇದು. ಮೇಣದ ಕಾಗದ ಓವನ್ನಿನಲ್ಲಿ ಕರಗಿ ಹೊಗೆಯಾಡುತ್ತದೆ, ಅದನ್ನು ಒಳಗಿಡಲೇಬೇಡಿ. ತೆಳು ಕಾಗದ ಕರಗುವುದಿಲ್ಲ, ಆದರೆ ಸಕ್ಕರೆ ಅದಕ್ಕೆ ಗೋಂದಿನಂತೆ ಹಿಡಿದುಕೊಳ್ಳುತ್ತದೆ. ನಿಮಗೆ ಆಗಿರುವುದು ಇದೇ ಇರಬೇಕು.

ಕಂಡುಹಿಡಿಯಲು ನಾನು ತರಗತಿಯಲ್ಲಿ ತೋರಿಸುವ ಉಪಾಯವೊಂದಿದೆ. ಕಾಗದದ ಮೇಲೆ ಸೆಲೋಟೇಪಿನ ತುಂಡೊಂದನ್ನು ಒತ್ತಿ ಅಂಟಿಸಿ, ಕೀಳಿ. ಸಿಲಿಕೋನ್ ಇದ್ದರೆ ಟೇಪು ಹಿಡಿಯುವುದೇ ಇಲ್ಲ, ಹಾಗೆಯೇ ಎದ್ದು ಬರುತ್ತದೆ. ತೆಳು ಕಾಗದವಾದರೆ ಗಟ್ಟಿಯಾಗಿ ಕಚ್ಚಿ, ಕಾಗದದ ಪದರವನ್ನೂ ಹರಿದುಕೊಂಡು ಬರುತ್ತದೆ. ಕೆಲವು ಕಾಗದಗಳಿಗೆ ಒಂದೇ ಬದಿಯಲ್ಲಿ ಲೇಪವಿರುವುದರಿಂದ ಎರಡೂ ಬದಿ ನೋಡಿ. ಮೇಣದ ಕಾಗದವನ್ನು ಉಗುರಿನಿಂದ ಕೆರೆದರೆ ಉಗುರಿನ ಸಂದಿಯಲ್ಲಿ ಬಿಳಿ ಮೇಣ ಸಿಗುತ್ತದೆ. ಕ್ರಾಫರ್ಡ್ ಮಾರ್ಕೆಟ್ಟಿನ ಸುತ್ತ ಬೇಕಿಂಗ್ ಸಾಮಾನು ಮಾರುವ ಅಂಗಡಿಗಳಿಗೆ ಹೋದಾಗಲೂ ನನ್ನ ಚೀಲದಲ್ಲಿ ಟೇಪಿನ ಸುರುಳಿ ಇರುತ್ತದೆ. ಅಂಗಡಿಯವರು ನಕ್ಕರೆ ನಗಲಿ.

ತೆಳು ಕಾಗದದ ಸುರುಳಿ ಇನ್ನೂ ಮುಗಿದಿಲ್ಲವೆಂದರೆ ಎಸೆಯಬೇಕಾಗಿಲ್ಲ. ಅದರ ಮೇಲ್ಮೈಗೆ, ಅಂದರೆ ಕೇಕ್ ತಾಗುವ ಬದಿಗೂ ತುಪ್ಪ ಸವರಿದರೆ ಕೆಲಸ ಸಾಗುತ್ತದೆ. ಹೆಚ್ಚಿನವರು ಟಿನ್ನಿಗೆ ಮಾತ್ರ ಸವರಿ, ಕಾಗದವನ್ನು ಒಣದಾಗಿಯೇ ಬಿಡುತ್ತಾರೆ.

ನಿಮ್ಮ ಕೇಕೇ ಯಾಕೆ ಹೀಗೆ ಹಟ ಹಿಡಿಯುತ್ತದೆ ಎನ್ನುವುದಕ್ಕೂ ಕಾರಣವಿದೆ. ಬೆಲ್ಲ ಮತ್ತು ಕಳಿತ ಬಾಳೆಹಣ್ಣು ಎರಡೂ ಸಕ್ಕರೆಯ ಗಣಿಗಳು. ಟಿನ್ನಿನ ಬಿಸಿ ಲೋಹಕ್ಕೆ ತಾಗಿದ ಸಕ್ಕರೆ ಪಾಕವಾಗಿ, ಆರುತ್ತಿದ್ದಂತೆ ಚಿಕ್ಕಿಯ ಹಾಗೆ ಗಟ್ಟಿಯಾಗುತ್ತದೆ. ಮೊಟ್ಟೆಯಿಲ್ಲದ ಕೇಕಿನ ಒಡಲು ಮೆದು, ಅದನ್ನು ಬಿಗಿಯಾಗಿ ಹಿಡಿದಿಡುವ ಬಲ ಕಡಿಮೆ. ಎಳೆದಾಟದಲ್ಲಿ ಪಾಕ ಗೆಲ್ಲುತ್ತದೆ, ಕೇಕ್ ಹರಿಯುತ್ತದೆ. ಬೆಣ್ಣೆಯೂ ಇಲ್ಲಿ ಪೂರ್ತಿ ನೆರವಾಗುವುದಿಲ್ಲ. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ಶೇ 80ರಷ್ಟು, ಉಳಿದದ್ದರಲ್ಲಿ ಹೆಚ್ಚಿನದು ನೀರು, ಜೊತೆಗೆ ಹಾಲಿನ ಅಂಶ ಮತ್ತು ಉಪ್ಪು. ನೀರು ಆವಿಯಾದ ಜಾಗದಲ್ಲಿ ಲೋಹ ಬರಿದಾಗುತ್ತದೆ, ಹಾಲಿನ ಅಂಶ ಕಂದಿ ತಾನೇ ಅಂಟುತ್ತದೆ. ಬೆಣ್ಣೆ ಕಾಯಿಸಿದ ಪಾತ್ರೆಯ ತಳವನ್ನು ತಿಕ್ಕಿ ತೊಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಈ ತೊಂದರೆಯನ್ನು ನಮ್ಮ ಅಡುಗೆಮನೆ ಎಂದೋ ಬಗೆಹರಿಸಿದೆ: ತುಪ್ಪದಲ್ಲಿ ನೀರೂ ಇಲ್ಲ, ಹಾಲಿನ ಗಸಿಯೂ ಇಲ್ಲ. ಟಿನ್ನಿಗೆ ನಾನು ತುಪ್ಪವನ್ನೇ ಸವರುವುದು, ಅದೂ ಹರಳುಗಟ್ಟಿದ ತುಪ್ಪ. ಕರಗಿದ್ದು ಗೋಡೆಯಿಂದ ಜಾರಿ ತಳದಲ್ಲಿ ಮಡುಗಟ್ಟುತ್ತದೆ.

ಈಗ ದುಂಡು ಟಿನ್. ನಮ್ಮಲ್ಲಿ ಸಿಗುವ ಅಲ್ಯೂಮಿನಿಯಂ ಟಿನ್ನುಗಳಲ್ಲಿ ಹಲವು ಬಾಯಿಯ ಬಳಿ ಅಗಲ, ತಳದಲ್ಲಿ ಕಿರಿದು. ಹಾಗಾಗಿ ಕಾಗದದ ಮೇಲೆ ಟಿನ್ನನ್ನು ಸರಿಯಾಗಿ ನೆಟ್ಟಗೆ ಇಟ್ಟು ತಳದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ, ಕವುಚಿ ಇಟ್ಟಲ್ಲ. ಗೆರೆಯ ಒಳಗಡೆಯಿಂದ, ಗೆರೆ ಪೂರ್ತಿ ಕಳೆದುಹೋಗುವಂತೆ ಕತ್ತರಿಸಿ. ಬಿಲ್ಲೆ ದೊಡ್ಡದಾದರೆ ಅಂಚು ಮೇಲೆದ್ದು ಮಡಚಿಕೊಳ್ಳುತ್ತದೆ, ಆ ಮಡಿಕೆಯೊಳಗೆ ಹಿಟ್ಟು ನುಗ್ಗಿ ಕೇಕಿನ ಕೆಳಅಂಚು ಸುಕ್ಕಾಗುತ್ತದೆ. ಪೆನ್ಸಿಲಿನ ಬದಿ ಲೋಹದ ಕಡೆಗಿರಲಿ.

ಸಾಮಾನ್ಯ ಕೇಕಿಗೆ ತಳದ ಬಿಲ್ಲೆಯೊಂದೇ ಸಾಕು. ನಿಮ್ಮದು ಬೆಲ್ಲದ ಕೇಕ್ ಆದ್ದರಿಂದ ಗೋಡೆಗೂ ಕಾಗದ ಹಾಕಿ. ಎಂಟು ಇಂಚಿನ ಟಿನ್ನಿನ ಸುತ್ತಳತೆ ಇಪ್ಪತ್ತೈದು ಇಂಚಿಗೆ ತುಸು ಹೆಚ್ಚು. ಒಂದರ ಮೇಲೊಂದು ಕೂರಲು ಜಾಗ ಬೇಕಲ್ಲ, ಇಪ್ಪತ್ತೇಳು ಇಂಚು ಉದ್ದದ ಪಟ್ಟಿ ಕತ್ತರಿಸಿ. ಅಗಲ ಟಿನ್ನಿನ ಎತ್ತರಕ್ಕಿಂತ ಒಂದು ಇಂಚು ಹೆಚ್ಚಿರಲಿ. ಪಟ್ಟಿಯ ಒಂದು ಅಂಚನ್ನು ಅರ್ಧ ಇಂಚು ಮಡಚಿ, ಆ ಮಡಿಕೆಗೆ ಬೆರಳಗಲಕ್ಕೊಂದರಂತೆ ಓರೆಯಾಗಿ ಕತ್ತರಿ ಹಾಕಿ. ತುಪ್ಪ ಸವರಿದ ಟಿನ್ನಿನೊಳಗೆ ಮೊದಲು ಪಟ್ಟಿ ಹೋಗಬೇಕು. ಕತ್ತರಿಸಿದ ಅಂಚು ಸೀರೆಯ ನೆರಿಗೆಯಂತೆ ತಳದಲ್ಲಿ ಒಂದರ ಮೇಲೊಂದು ಮಲಗುತ್ತದೆ. ಅದರ ಮೇಲೆ ಬಿಲ್ಲೆ ಇಟ್ಟರೆ ಮೂಲೆಯಲ್ಲಿ ಸಂದಿ ಉಳಿಯುವುದಿಲ್ಲ. ಟಿನ್ ಬಾಯಿ ಅಗಲವಾಗಿದ್ದರೆ ಒಂದೇ ಪಟ್ಟಿ ಸೆಟೆದುಕೊಳ್ಳುತ್ತದೆ, ಆಗ ಅದನ್ನು ಎರಡು ತುಂಡು ಮಾಡಿ ಹಾಕಿ. ಮಳೆಗಾಲದಲ್ಲಿ ಕಾಗದ ಸುರುಳಿ ಸುತ್ತಿಕೊಂಡು ನಿಲ್ಲುವುದೇ ಇಲ್ಲ. ಕೈಯಲ್ಲಿ ಉಂಡೆ ಮಾಡಿ ಮುದುಡಿ ಬಿಡಿಸಿದರೆ ಹೇಳಿದಂತೆ ಕೇಳುತ್ತದೆ.

ಕಾಗದವಿದ್ದ ಕಡೆ ಮೈದಾ ಉದುರಿಸುವ ಅಗತ್ಯವಿಲ್ಲ. ಮೈದಾ ಬೇಕಾದದ್ದು ತುಪ್ಪ ಮಾತ್ರ ಇರುವ ಗೋಡೆಗೆ. ಅಲ್ಲಿಯೂ ಟಿನ್ನನ್ನು ಕವುಚಿ ತಟ್ಟಿ ಹೆಚ್ಚಾದದ್ದನ್ನು ಉದುರಿಸಿಬಿಡಿ, ಇಲ್ಲವಾದರೆ ಕೇಕಿನ ಮೈಮೇಲೆ ಹಸಿಹಿಟ್ಟಿನ ಬಿಳಿ ತೇಪೆಗಳು ಉಳಿಯುತ್ತವೆ.

ಲೋಫ್ ಟಿನ್ನಿನ ಕೆಲಸ ಎರಡು ನಿಮಿಷದ್ದು. ತೊಟ್ಟಿಲಿನ ಬಟ್ಟೆಯಂತೆ ಒಂದೇ ಹಾಳೆಯನ್ನು ಅಡ್ಡಲಾಗಿ ಹಾಸಬೇಕು. ತಳ ಎಂಟು ಇಂಚು ಉದ್ದ, ನಾಲ್ಕು ಇಂಚು ಅಗಲ, ಗೋಡೆ ಎರಡೂವರೆ ಇಂಚು ಎತ್ತರ ಎಂದುಕೊಳ್ಳಿ. ಹಾಳೆ ಎಂಟು ಇಂಚು ಅಗಲವಿದ್ದು ಹನ್ನೆರಡು ಇಂಚು ಉದ್ದವಿದ್ದರೆ ತಳವನ್ನೂ ಎರಡು ಉದ್ದ ಗೋಡೆಗಳನ್ನೂ ಮುಚ್ಚಿ, ಎರಡೂ ಕಡೆ ಒಂದೂವರೆ ಇಂಚು ಹೊರಗೆ ನೇತಾಡುತ್ತದೆ. ಆ ಕಿವಿಗಳನ್ನು ಹಿಡಿದು ಕೇಕನ್ನು ಮೇಲೆತ್ತುವುದು. ಕವುಚುವ ಗೋಜೇ ಇಲ್ಲ. ಎರಡು ಗಿಡ್ಡ ಗೋಡೆಗಳಿಗೆ ತುಪ್ಪ-ಮೈದಾ ಸಾಕು, ಎತ್ತುವ ಮೊದಲು ಅಲ್ಲಿ ಚಾಕು ಆಡಿಸಿ. ಕಿವಿಗಳು ಓವನ್ನಿನ ಕಂಬಿಗೆ ತಾಗದಂತೆ ನೋಡಿಕೊಳ್ಳಿ, ಚಿಕ್ಕ ಓವನ್ನುಗಳಲ್ಲಿ ಸುಡುವುದು ಅಲ್ಲಿಂದಲೇ.

ಬಂಟ್ ಅಚ್ಚಿಗೆ ಕಾಗದ ಕೂರುವುದಿಲ್ಲ. ಅದರ ಗೀರುಗಳಲ್ಲಿ, ತಿರುವುಗಳಲ್ಲಿ ಕೊಬ್ಬೊಂದೇ ಗತಿ. ನೆರೆಮನೆಯ ಹುಟ್ಟುಹಬ್ಬಕ್ಕೆಂದು ನಾನು ಮೊದಲ ಬಾರಿಗೆ ಬಂಟ್ ಮಾಡಿದಾಗ ಕೇಕ್ ತಟ್ಟೆಗೆ ಬಂತು, ಅದರ ಕಿರೀಟವೆಲ್ಲ ಅಚ್ಚಿನಲ್ಲಿ ಉಳಿಯಿತು. ಮೇ ತಿಂಗಳು. ತುಪ್ಪ ಸವರಿ, ಮೈದಾ ಉದುರಿಸಿ, ಅಚ್ಚನ್ನು ಬದಿಗಿಟ್ಟು ಆಮೇಲೆ ಹಿಟ್ಟು ಕಲಸಲು ಕುಳಿತಿದ್ದೆ. ಅಷ್ಟರಲ್ಲಿ ತುಪ್ಪ ಕರಗಿ ಏಣುಗಳಿಂದ ಇಳಿದು ಗೀರುಗಳ ತಳ ಸೇರಿತ್ತು. ಏಣುಗಳೆಲ್ಲ ಬರಿಮೈ.

ಅಂದಿನಿಂದ ಬಂಟ್‌ಗೆ ಒಂದು ಲೇಪ ಮಾಡಿಟ್ಟುಕೊಳ್ಳುತ್ತೇನೆ. ಮೈದಾ, ವನಸ್ಪತಿ, ಅಡುಗೆ ಎಣ್ಣೆ ಮೂರೂ ಎರಡೆರಡು ದೊಡ್ಡ ಚಮಚ. ಬೆಳ್ಳಗೆ, ನುಣ್ಣಗೆ ಆಗುವವರೆಗೆ ಗೊಟಾಯಿಸಿ, ಬ್ರಷ್ಷಿನಿಂದ ಹಚ್ಚುವುದು. ಕೊಬ್ಬಿನೊಳಗೇ ಹಿಟ್ಟು ಸೇರಿರುವುದರಿಂದ ಅದು ಜಾರುವುದಿಲ್ಲ. ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಡಿ. ಬ್ರಷ್ಷನ್ನು ಗೀರಿನ ಉದ್ದಕ್ಕೂ ಆಡಿಸಿ, ನಡುವಿನ ಕೊಳವೆಯನ್ನು ಮಾತ್ರ ಮರೆಯಬೇಡಿ. ಹತ್ತರಲ್ಲಿ ಎಂಟು ಸಲ ಕೇಕ್ ಹಿಡಿದುಕೊಳ್ಳುವುದು ಅಲ್ಲೇ. ಕೇಕ್ ಹಿಟ್ಟು ಸಿದ್ಧವಾದ ಮೇಲೆಯೇ ಹಚ್ಚಿ, ಕೂಡಲೇ ಸುರಿಯಿರಿ. ಚಾಕೊಲೇಟ್ ಕೇಕಾದರೆ ಮೈದಾ ಬದಲು ಕೋಕೋ ಪುಡಿ ಹಾಕಿ, ಬಿಳಿ ಕಲೆ ಕಾಣುವುದಿಲ್ಲ.

ಇನ್ನು ಯಾವ ಟಿನ್ ಆದರೂ ಯಾವಾಗ ಕವುಚಬೇಕು ಎಂಬುದು. ಹಲಸಿನ ಎಲೆಯ ಕೊಟ್ಟೆ ಕಡುಬು ಮಾಡುವವರಿಗೆ ಇದು ಗೊತ್ತು: ಹಬೆಯಿಂದ ತೆಗೆದ ಕೂಡಲೇ ಬಿಚ್ಚಿದರೆ ಎಲೆಗೆ ಮೆತ್ತುತ್ತದೆ, ತುಸು ಆರಿದ ಮೇಲೆ ಎಲೆ ಸಲೀಸಾಗಿ ಬಿಡುತ್ತದೆ. ಓವನ್ನಿನಿಂದ ಬಂದ ಕೇಕಿನೊಳಗೆ ಇನ್ನೂ ಹಬೆಯಿರುತ್ತದೆ, ಒಡಲು ಗಟ್ಟಿಯಾಗಿರುವುದಿಲ್ಲ. ಹತ್ತು ನಿಮಿಷ ಬಿಡಿ, ಮೊಟ್ಟೆಯಿಲ್ಲದ ನಿಮ್ಮ ಕೇಕಿಗೆ ಹದಿನೈದು. ಅಂಚು ಗೋಡೆಯಿಂದ ಕೂದಲೆಳೆಯಷ್ಟು ದೂರ ಸರಿದದ್ದು ಕಾಣಬೇಕು. ಹಾಗೆಂದು ಮರೆತು ಒಂದು ಗಂಟೆ ಬಿಟ್ಟರೆ ಆ ಪಾಕ ಗಟ್ಟಿಯಾಗುತ್ತದೆ, ತಳದಲ್ಲಿ ಬೆವರು ಕಟ್ಟಿ ಕೇಕ್ ಹಸಿಯಾಗುತ್ತದೆ. ತಡವಾಗಿಯೇ ಹೋಯಿತೆಂದರೆ ಲೋಹದ ಟಿನ್ನಿನ ತಳವನ್ನು ಸಣ್ಣ ಉರಿಯ ಮೇಲೆ ಹತ್ತು ಹದಿನೈದು ಸೆಕೆಂಡು ಸುತ್ತ ತಿರುಗಿಸಿ ಕವುಚಿ. ಪಾಕ ಮತ್ತೆ ಮೆದುವಾಗಿ ಬಿಡುತ್ತದೆ. ಬಂಟ್‌ ಅಚ್ಚನ್ನು ಕವುಚಿಟ್ಟು, ಬಿಸಿನೀರಲ್ಲಿ ಹಿಂಡಿದ ದಪ್ಪ ಟವೆಲನ್ನು ಮೇಲೆ ಹೊದಿಸಿ ಐದು ನಿಮಿಷ ಕಾಯಿರಿ. ಒಳಗೆ ‘ಧೊಪ್’ ಎಂಬ ಸದ್ದು ಕೇಳಿಸಿದರೆ ಅಚ್ಚನ್ನು ಮೇಲೆತ್ತಬಹುದು.

ಮಗಳಿಗೆ ಒಂದು ಎಚ್ಚರಿಕೆ ಹೇಳಿಬಿಡಿ. ಬಂಟ್ ಅಚ್ಚಿನಂತೆಯೇ ನಡುವೆ ಕೊಳವೆಯಿದ್ದು, ಗೋಡೆ ನುಣುಪಾಗಿರುವ ಟಿನ್ನುಗಳೂ ಸಿಗುತ್ತವೆ. ಹೊಡೆದ ಮೊಟ್ಟೆಯ ಬಿಳಿಯಿಂದ ಮಾಡುವ ಶಿಫಾನ್ ಕೇಕಿಗೆಂದೇ ಇರುವಂಥವು. ಅವಕ್ಕೆ ತುಪ್ಪ, ಎಣ್ಣೆ, ಮೈದಾ ಏನನ್ನೂ ಸವರಬಾರದು. ಆ ಕೇಕ್ ಬರಿ ಲೋಹವನ್ನು ಹಿಡಿದುಕೊಂಡೇ ಮೇಲೇರುತ್ತದೆ, ಬೆಂದ ಮೇಲೆ ಟಿನ್ನನ್ನು ತಲೆಕೆಳಗಾಗಿ ನೇತುಹಾಕಿ ಆರಿಸುತ್ತಾರೆ. ತುಪ್ಪ ಸವರಿದ್ದರೆ ಬಗ್ಗಿಸಿದ ಕ್ಷಣವೇ ಕೇಕ್ ಕಟ್ಟೆಯ ಮೇಲೆ ಬಿದ್ದು ಚಪ್ಪಟೆಯಾಗುತ್ತದೆ.