ಚಿಕ್ಕ ಮಕ್ಕಳ ಚಿತ್ರ ಮತ್ತು ಕಥೆಗಳಿಂದ ಮಾಹಿತಿ ಪಡೆಯುವುದು ಹೇಗೆ?

ಪ್ರಶ್ನೆ: ಸಮಾಜಕಾರ್ಯ ಎಂ.ಎ. ಪ್ರಬಂಧಕ್ಕಾಗಿ ಅಂಗನವಾಡಿಯ 4–6 ವರ್ಷದ ಮಕ್ಕಳ ದಿನಚರಿ ಮತ್ತು ಅನಿಸಿಕೆಗಳನ್ನು ತಿಳಿಯಬೇಕಾಗಿದೆ. ಪ್ರಶ್ನಾವಳಿ ಹಿಡಿದು ಕೇಳಿದರೆ ಎಲ್ಲದಕ್ಕೂ "ಹ್ಞೂಂ" ಎನ್ನುತ್ತಾರೆ. ಚಿತ್ರ ಬರೆಸಿ, ಕಥೆ ಹೇಳಿಸಿ ಮಾಹಿತಿ ಪಡೆಯಬಹುದೇ?

ಪಡೆಯಬಹುದು. ಆದರೆ ಇಲ್ಲಿ ಮಾಹಿತಿಯಾಗುವುದು ಚಿತ್ರವಲ್ಲ, ಚಿತ್ರ ಬರೆಯುತ್ತಾ ಮಗು ಆಡುವ ಮಾತು. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಕೆಲಸ ಮಾಡಿದಾಗ ನನಗೆ ಇದು ಮನದಟ್ಟಾಯಿತು.

ಮೊದಲ ಎರಡು ದಿನ ನಾವು ಏನನ್ನೂ ಕೇಳದೆ ಮಕ್ಕಳೊಡನೆ ಆಡಿದೆವು. ಪೋಷಕರ ಲಿಖಿತ ಒಪ್ಪಿಗೆ ಮೊದಲೇ ದೊರೆತಿದ್ದರೂ ಪ್ರತಿ ಮಗುವನ್ನೂ ಕೇಳಿಯೇ ಕೂರಿಸಿಕೊಂಡೆವು. ಮುಖ ತಿರುಗಿಸಿದ ಅಥವಾ ಎದ್ದು ಹೋದ ಮಗುವನ್ನು ಮತ್ತೆ ಕರೆಯಲಿಲ್ಲ. ಒಟ್ಟಿಗೆ ಕೂತರೆ ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯುತ್ತಾರೆ, ಆದ್ದರಿಂದ ಒಂದು ಸಲಕ್ಕೆ ಒಂದೇ ಮಗುವನ್ನು, ಕಾರ್ಯಕರ್ತೆಯ ಕಣ್ಣಿಗೆ ಕಾಣುವಂತೆ ಆದರೆ ಮಾತು ಅವರ ಕಿವಿಗೆ ಬೀಳದಷ್ಟು ದೂರದಲ್ಲಿ ಕೂರಿಸುವುದು ಒಳ್ಳೆಯದು. ಗೆರೆಯಿಲ್ಲದ ಒಂದು ಹಾಳೆ ಮತ್ತು ಬಣ್ಣದ ಕಡ್ಡಿಗಳನ್ನು ಕೊಟ್ಟು, "ಇಲ್ಲಿಗೆ ಬಂದ ದಿನ ಏನೇನು ಆಗುತ್ತೆ, ಬರೆದು ತೋರಿಸ್ತೀಯಾ?" ಎಂದಷ್ಟೇ ಹೇಳಿದೆವು. ಮಾದರಿ ಚಿತ್ರ ತೋರಿಸಬಾರದು, ತೋರಿಸಿದರೆ ಅದೇ ಮರಳಿ ಬರುತ್ತದೆ.

ಸುಮಾರು ಐದು ವರ್ಷದ ಒಬ್ಬ ಹುಡುಗಿ ಹಾಳೆಯ ತುಂಬ ಕಪ್ಪು ಬಣ್ಣದಲ್ಲಿ ಸುತ್ತುಸುತ್ತಾದ ದೊಡ್ಡ ಸುರುಳಿಯನ್ನೂ, ಮೂಲೆಯಲ್ಲಿ ಒಂದು ಸೊನ್ನೆಗೆ ಎರಡು ಕಡ್ಡಿ ಅಂಟಿಸಿದಂಥ ಪುಟ್ಟ ಆಕೃತಿಯನ್ನೂ ಬರೆದಳು. ಜೊತೆಯಲ್ಲಿದ್ದವರೊಬ್ಬರು ಹಾಳೆಯನ್ನಷ್ಟೇ ನೋಡಿ "ಭಯ, ಒಂಟಿತನ" ಎಂದು ಗುರುತು ಹಾಕಿಕೊಂಡರು. ಆದರೆ ತಲೆಯಿಂದಲೇ ಕಾಲು ಹೊರಡುವ, ಕೈಯಿಲ್ಲದ ಗೊದಮೊಟ್ಟೆಯಂಥ ಮನುಷ್ಯರನ್ನು ಮೂರು-ನಾಲ್ಕು ವರ್ಷದ ಮಕ್ಕಳು ಸಹಜವಾಗಿ ಬರೆಯುತ್ತಾರೆ, ಕೆಲವರು ಐದರಲ್ಲೂ ಬರೆಯುತ್ತಾರೆ. ಅದರಿಂದ ಮನಸ್ಸಿನ ಸ್ಥಿತಿಯನ್ನು ಓದಲಾಗದು. ಕಪ್ಪು ಬಣ್ಣಕ್ಕೆ ಕಾರಣ ಇನ್ನೂ ಸರಳವಾಗಿತ್ತು: ಹಿಂದಿನ ಹುಡುಗ ಉಳಿದ ಕಡ್ಡಿಗಳಲ್ಲಿ ಬಹುಪಾಲನ್ನು ಮುರಿದಿದ್ದ. ಅಂದಿನಿಂದ ಪ್ರತಿ ಮಗುವಿಗೂ ಪೂರ್ತಿ ಪೆಟ್ಟಿಗೆಯನ್ನೇ ಕೊಡುತ್ತಾ ಬಂದೆವು.

ಅವಳು ಬರೆಯುತ್ತಾ ಆಡಿದ ಮಾತನ್ನು ನಾನು ಬರೆದುಕೊಂಡಿದ್ದೆ. ಆ ಸುರುಳಿ ಚಂದ್ರಿಕೆ, ರೇಷ್ಮೆಹುಳು ಹಣ್ಣಾದಾಗ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಈ ಭಾಗದ ಅನೇಕ ಮನೆಗಳಂತೆ ಅವಳ ಮನೆಮಾತೂ ತೆಲುಗು. ಕನ್ನಡದಲ್ಲಿ ಕೇಳಿದಾಗ ತಲೆಯಾಡಿಸಿದವಳು ತೆಲುಗಿನಲ್ಲಿ ಕೇಳಿದಾಗ ಕಥೆಯನ್ನೇ ಹೇಳಿದಳು. ನೀವು ಹೋಗುವ ಊರಿನ ಮನೆಮಾತು ಯಾವುದೆಂದು ಮೊದಲು ವಿಚಾರಿಸಿ. ಚಿತ್ರ ಮುಗಿದ ಮೇಲೆ ನಾನು "ಇದರ ಬಗ್ಗೆ ಹೇಳು" ಎಂದೆ. ಮನೆಯಲ್ಲಿ ಹುಳು ಹಣ್ಣಾದ ದಿನ ಕರೆದೊಯ್ಯಲು ಯಾರೂ ಬರುವುದಿಲ್ಲ, ಎಲ್ಲರೂ ಹೋದ ಮೇಲೂ ತಾನು ಬಾಗಿಲಲ್ಲಿ ಕೂತಿರುತ್ತೇನೆ ಎಂದಳು. ಮೂಲೆಯ ಪುಟ್ಟ ಆಕೃತಿ ಅವಳೇ. ಯಾವ ಪ್ರಶ್ನಾವಳಿಯಲ್ಲೂ ನಾವು ಹುಳು ಸಾಕಣೆಯ ಬಗ್ಗೆ ಕೇಳಿರಲಿಲ್ಲ.

ಉಳಿದ ಮಕ್ಕಳ ಅನುಭವವೂ ಹೀಗೆಯೇ ಇದೆಯೇ ಎಂದು ತಿಳಿಯಲು ಕಥೆಯನ್ನು ಬಳಸಿದೆವು. ಎರಡು ಗೊಂಬೆಗಳನ್ನಿಟ್ಟು, "ಪುಟ್ಟಿ ಅಂಗನವಾಡಿಯಲ್ಲಿದ್ದಾಳೆ. ಎಲ್ಲರೂ ಮನೆಗೆ ಹೋದರು. ಪುಟ್ಟಿಯನ್ನು ಕರೆಯೋಕೆ ಇನ್ನೂ ಯಾರೂ ಬಂದಿಲ್ಲ. ಆಮೇಲೆ ಏನಾಯ್ತು, ತೋರಿಸು, ಹೇಳು" ಎಂದು ನಿಲ್ಲಿಸಿದೆವು. ಎಲ್ಲ ಮಕ್ಕಳಿಗೂ ಆರಂಭ ಒಂದೇ ಪದಗಳಲ್ಲಿರಬೇಕು, ಇಲ್ಲದಿದ್ದರೆ ಉತ್ತರಗಳನ್ನು ಹೋಲಿಸಲಾಗದು. ಪುಟ್ಟಿಗೆ "ಅಳು ಬಂತು" ಎಂದು ನೀವೇ ಸೇರಿಸಿದರೆ ಕಥೆಗಳೆಲ್ಲ ಅಳುವಿನಲ್ಲೇ ಮುಗಿಯುತ್ತವೆ. ಮಗು ಸುಮ್ಮನಾದರೆ ಅದರ ಕೊನೆಯ ಮಾತನ್ನೇ ತಿರುಗಿ ಹೇಳಿ ಕಾಯಿರಿ. "ಅಲ್ವಾ?" ಎಂದು ಮುಗಿಯುವ ಪ್ರಶ್ನೆ ಬೇಡ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವುದೂ ಬೇಡ, ಏಕೆಂದರೆ ಮೊದಲ ಉತ್ತರ ತಪ್ಪಾಯಿತೇನೋ ಎಂದುಕೊಂಡು ಮಗು ಉತ್ತರ ಬದಲಿಸುತ್ತದೆ. ಹಾಗೆ ಬದಲಾದ ಉತ್ತರಗಳು ನಿಮ್ಮ ಟಿಪ್ಪಣಿಯಲ್ಲಿ ಹೆಚ್ಚಾಗಿ ಕಂಡರೆ ಸಮಸ್ಯೆ ನಿಮ್ಮ ಕೇಳುವಿಕೆಯಲ್ಲಿದೆ.

ಗೊಂಬೆಯ ಕಥೆ ಆ ಮಗುವಿನ ಮನೆಯಲ್ಲಿ ನಡೆದ ಘಟನೆಯ ಸಾಕ್ಷ್ಯವಲ್ಲ. ಪುಟ್ಟಿಯ ಅಮ್ಮ ಹೊಡೆದಳು ಎಂದು ಮಗು ಹೇಳಿದರೆ, ತನ್ನ ಅಮ್ಮ ಹೊಡೆಯುತ್ತಾಳೆ ಎಂದು ಪ್ರಬಂಧದಲ್ಲಿ ಬರೆಯುವಂತಿಲ್ಲ. ಇಂಥ ಸಂದರ್ಭವನ್ನು ಮಗು ಹೀಗೆ ಊಹಿಸಿಕೊಳ್ಳುತ್ತದೆ ಎಂದಷ್ಟೇ ಹೇಳಬಹುದು. ಆದರೆ ತನಗೇ ಲೈಂಗಿಕ ಕಿರುಕುಳವಾಗಿದೆ ಎಂದು ಮಗು ತಿಳಿಸಿದರೆ ಸಂಶೋಧನೆ ಅಲ್ಲಿಗೆ ನಿಲ್ಲಬೇಕು. ಕೆದಕಿ ಕೇಳದೆ, ಮಗುವಿನ ಮಾತನ್ನು ಇದ್ದಂತೆ ಬರೆದುಕೊಂಡು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯಂತೆ ಕಡ್ಡಾಯ. ಮಕ್ಕಳ ಸಹಾಯವಾಣಿ 1098ರ ನೆರವನ್ನೂ ಪಡೆಯಿರಿ.

ಚಿತ್ರದ ಫೋಟೋ ತೆಗೆದುಕೊಂಡು ಹಾಳೆಯನ್ನು ಮಗುವಿಗೇ ಮರಳಿಸಿ. ಆ ಹುಡುಗಿ ತನ್ನ ಚಂದ್ರಿಕೆಯನ್ನು ಮಡಚಿಕೊಂಡು, ಅಪ್ಪನಿಗೆ ತೋರಿಸಬೇಕೆಂದು ಮನೆಗೆ ಒಯ್ದಳು.