ಮಾತ್ರೆ ತಪ್ಪಿಸಿದ್ದಕ್ಕಲ್ಲ, ಮುಟ್ಟಿನ ಲೆಕ್ಕಕ್ಕೆ ಬರುತ್ತಿದ್ದ ಫಿಟ್ಸ್

ಸುಧಾ ಅಂತ ಕರೆಯೋಣ. ಹೆಸರು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. 27 ವರ್ಷ, ಮದುವೆಯಾಗಿದೆ. ಹದಿಹರೆಯದಿಂದಲೇ ಫಿಟ್ಸ್ ಇದೆ. ಲ್ಯಾಮೋಟ್ರಿಜಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಾತ್ರೆ ತಗೊಂಡರೂ ಫಿಟ್ಸ್ ನಿಲ್ಲುತ್ತಿಲ್ಲ, ಮನೆಯಲ್ಲಿ ಜಗಳ ಜಾಸ್ತಿಯಾಗಿದೆ ಅಂತ ನರರೋಗ ತಜ್ಞರು ನನ್ನ ಹತ್ತಿರ ಕಳಿಸಿದ್ದರು.

ಗಂಡನೂ ಜೊತೆಗೆ ಬಂದಿದ್ದರು. "ಇವಳು ಮಾತ್ರೆ ಸರಿಯಾಗಿ ತಗೊಳ್ಳಲ್ಲ ಮೇಡಂ, ಅದಕ್ಕೇ ಬರುತ್ತೆ" ಅಂದರು. ಸುಧಾ ತಲೆ ಎತ್ತಲಿಲ್ಲ. ಆಮೇಲೆ ಒಬ್ಬರೇ ಇದ್ದಾಗ ಹೇಳಿದರು: "ಮುಟ್ಟು ಹತ್ತಿರ ಬಂದಾಗಲೇ ಜಾಸ್ತಿ ಆಗುತ್ತೆ ಅನ್ನಿಸುತ್ತೆ. ಹೇಳಿದರೆ ನೆಪ ಅಂತಾರೆ."

ಇದು ನೆಪ ಅಲ್ಲ. ವೈದ್ಯರು ಇದನ್ನು ಕ್ಯಾಟಮೇನಿಯಲ್ ಎಪಿಲೆಪ್ಸಿ ಅನ್ನುತ್ತಾರೆ. ಫಿಟ್ಸ್ ಇರುವ ಹೆಂಗಸರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇಂಥ ಮಾದರಿ ಕಾಣುತ್ತದೆ. ಆದರೆ ಅನ್ನಿಸಿದ್ದನ್ನೆಲ್ಲ ಹಾಗೇ ನಂಬುವುದೂ ಸರಿಯಲ್ಲ. ಮುಟ್ಟಿನ ದಿನ ಬಂದ ಫಿಟ್ಸ್ ನೆನಪಲ್ಲಿ ಉಳಿಯುತ್ತದೆ, ಬೇರೆ ದಿನದ್ದು ಮರೆತುಹೋಗುತ್ತದೆ. ಅದಕ್ಕೇ ಮೊದಲು ಬರೆದಿಡಿ, ಮೂರು ತಿಂಗಳು ಆದಮೇಲೆ ನೋಡೋಣ ಅಂದೆ.

ಏನು ಬರೆಯಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ರಕ್ತಸ್ರಾವ ಸರಿಯಾಗಿ ಶುರುವಾದ ದಿನ 1. ಅದರ ಹಿಂದಿನ ದಿನ -1, ಅದಕ್ಕೂ ಹಿಂದಿನದು -2. ನಡುವೆ ಸೊನ್ನೆ ಇಲ್ಲ. ಮುಟ್ಟಾದ ದಿನಗಳನ್ನು ಮಾತ್ರ ಗುರುತು ಹಾಕಿದರೆ ಹಿಂದಿನ ಮೂರು ದಿನ ಲೆಕ್ಕದಿಂದ ಬಿಟ್ಟುಹೋಗುತ್ತವೆ. ನೋಡಬೇಕಾದದ್ದು -3ರಿಂದ 3ರವರೆಗಿನ ಆರು ದಿನ.

ಸುಧಾಗೆ ಬರುವುದು ಬಿದ್ದು ಒದ್ದಾಡುವ ಫಿಟ್ಸ್ ಅಲ್ಲ. ಹೊಟ್ಟೆಯಿಂದ ಏನೋ ಮೇಲೆ ಬಂದ ಹಾಗಾಗುತ್ತದೆ. ಆಮೇಲೆ ಒಂದೆರಡು ನಿಮಿಷ ಎಲ್ಲೋ ನೋಡುತ್ತಾ ತುಟಿ ಚಪ್ಪರಿಸುತ್ತಾರೆ, ಸೆರಗು ಹಿಂಡುತ್ತಾರೆ. ಆ ಹೊತ್ತಿನ ಅರಿವು ಅವರಿಗೇ ಇರುವುದಿಲ್ಲ. ಹಾಗಾಗಿ ಡೈರಿ ಬರೆಯುವುದು ಗಂಡನದೂ ಕೆಲಸ ಅಂತ ಒಪ್ಪಿಸಿದೆ. ಪ್ರತಿ ರಾತ್ರಿ ಸ್ಟ್ರಿಪ್‌ನಲ್ಲಿ ಉಳಿದ ಮಾತ್ರೆಗಳನ್ನೂ ಎಣಿಸಿ ಬರೆಯಿರಿ, ನಿದ್ದೆ ಕೆಟ್ಟಿದ್ದರೆ ಅದನ್ನೂ ಬರೆಯಿರಿ ಅಂದೆ. ಹೊಟ್ಟೆನೋವಿನಿಂದ ನಿದ್ದೆ ಬರದೇ ಫಿಟ್ಸ್ ಆದರೆ ಕಾರಣ ಬೇರೆ ಆಗಬಹುದು, ಅಲ್ವಾ?

ಮೂರು ಮುಟ್ಟುಗಳಾದ ಮೇಲೆ ಡೈರಿ ತಂದರು. ಒಟ್ಟು 87 ದಿನ, 15 ಫಿಟ್ಸ್. ಮುಟ್ಟಿನ ಆಸುಪಾಸಿನ ದಿನಗಳು ಆರರಂತೆ ಮೂರು ಸಲ, ಅಂದರೆ 18. ಅವುಗಳಲ್ಲಿ 9 ಫಿಟ್ಸ್. ಉಳಿದ 69 ದಿನಗಳಲ್ಲಿ 6. ಅಂದರೆ ಮುಟ್ಟಿನ ಹೊತ್ತಲ್ಲಿ ಎರಡು ದಿನಕ್ಕೊಂದು, ಬೇರೆ ಹೊತ್ತಲ್ಲಿ ಹನ್ನೊಂದು ಹನ್ನೆರಡು ದಿನಕ್ಕೊಂದು. ಸಾಮಾನ್ಯವಾಗಿ ದುಪ್ಪಟ್ಟಾದರೇ ಮಾದರಿ ಇದೆ ಅನ್ನುತ್ತಾರೆ. ಇಲ್ಲಿ ಐದಾರು ಪಟ್ಟು. ಮಾತ್ರೆ ತಪ್ಪಿದ್ದು ಎರಡೇ ರಾತ್ರಿ. ಅದರಲ್ಲೊಂದರ ಮರುದಿನ ಫಿಟ್ಸ್ ಬಂದಿತ್ತು, ಅದು ಆ ಒಂಬತ್ತರಲ್ಲಿ ಸೇರಿಲ್ಲ. ಈ ಲೆಕ್ಕವನ್ನು ಗಂಡನ ಕೈಯಿಂದಲೇ ಮಾಡಿಸಿದೆ. ಅವರು ಆಮೇಲೆ ಮಾತ್ರೆಯ ಮಾತು ಎತ್ತಲಿಲ್ಲ.

ಹೀಗೇಕೆ ಆಗುತ್ತದೆ ಅಂತ ಇಬ್ಬರೂ ಕೇಳಿದರು. ಅಂಡ ಬಿಡುಗಡೆಯಾದ ಮೇಲೆ ದೇಹದಲ್ಲಿ ಪ್ರೊಜೆಸ್ಟರಾನ್ ಏರುತ್ತದೆ. ಅದರಿಂದ ಅಲೊಪ್ರೆಗ್ನನೊಲೋನ್ ಅನ್ನುವ ಇನ್ನೊಂದು ವಸ್ತು ತಯಾರಾಗುತ್ತದೆ. ಮೆದುಳಿನ ಉದ್ರೇಕವನ್ನು ತಡೆಯುವ ಗಾಬಾ ವ್ಯವಸ್ಥೆಗೆ ಇದು ಬಲ ಕೊಡುತ್ತದೆ, ಬ್ರೇಕನ್ನು ಇನ್ನಷ್ಟು ಒತ್ತಿ ಹಿಡಿದ ಹಾಗೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಪ್ರೊಜೆಸ್ಟರಾನ್ ಸರ್ರನೆ ಇಳಿಯುತ್ತದೆ, ಬ್ರೇಕ್ ಸಡಿಲವಾಗುತ್ತದೆ. ಈಸ್ಟ್ರೋಜನ್ ಸಾಮಾನ್ಯವಾಗಿ ಉದ್ರೇಕವನ್ನು ಹೆಚ್ಚಿಸುವ ಕಡೆಗಿರುತ್ತದೆ. ಹಾಗಾಗಿ ಕೆಲವರಿಗೆ ಈಸ್ಟ್ರೋಜನ್ ಏರುವ, ಅಂಡ ಬಿಡುಗಡೆಯ ಹೊತ್ತಲ್ಲಿ ಫಿಟ್ಸ್ ಜಾಸ್ತಿ. ಅಂಡ ಸರಿಯಾಗಿ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಏರುವುದೇ ಇಲ್ಲ, ಆಗ ಚಕ್ರದ ಎರಡನೇ ಅರ್ಧ ಪೂರ್ತಿ ಕಷ್ಟವಾಗಬಹುದು. ಸುಧಾದು ಮುಟ್ಟಿನ ಆಸುಪಾಸಿನ ಮಾದರಿ.

ಅಷ್ಟರಲ್ಲಿ ಸುಧಾ ಇನ್ನೊಂದು ವಿಷಯ ಹೇಳಿದರು. ಗೆಳತಿಯೊಬ್ಬರು, ಗರ್ಭನಿರೋಧಕ ಮಾತ್ರೆ ತಗೊಂಡು ಮುಟ್ಟನ್ನೇ ಮುಂದೂಡಿಬಿಡು ಅಂದಿದ್ದರಂತೆ. ಆ ಮಾತ್ರೆಯ ಸ್ಟ್ರಿಪ್ ಆಗಲೇ ಬ್ಯಾಗಿನಲ್ಲಿತ್ತು. ಶುರು ಮಾಡಿರಲಿಲ್ಲ, ಅದೇ ಪುಣ್ಯ. ಈಸ್ಟ್ರೋಜನ್ ಇರುವ ಮಾತ್ರೆ ರಕ್ತದಲ್ಲಿನ ಲ್ಯಾಮೋಟ್ರಿಜಿನ್ ಪ್ರಮಾಣವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿಬಿಡುತ್ತದೆ. ಫಿಟ್ಸ್ ತಡೆಯಲು ಹೋಗಿ ಇರುವ ರಕ್ಷಣೆಯನ್ನೇ ಕಳೆದುಕೊಂಡ ಹಾಗೆ. ಕಾರ್ಬಮಜೆಪಿನ್, ಫೆನಿಟಾಯಿನ್‌ನಂಥ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದರ ಉಲ್ಟಾ ತೊಂದರೆ: ಗರ್ಭನಿರೋಧಕವೇ ಕೆಲಸ ಮಾಡದೇ ಹೋಗಬಹುದು. ಹಾರ್ಮೋನ್ ಮಾತ್ರೆ ಯಾವುದೇ ಇರಲಿ, ನರರೋಗ ತಜ್ಞರಿಗೆ ತೋರಿಸದೇ ಬೇಡವೇ ಬೇಡ ಅಂದೆ.

ಡೈರಿ ನೋಡಿ ತಜ್ಞರು ದಿನದ ಮಾತ್ರೆಯನ್ನು ಹಾಗೇ ಮುಂದುವರಿಸಿದರು. ಮುಟ್ಟಿನ ದಿನಕ್ಕೆ ನಾಲ್ಕು ದಿನ ಮುಂಚೆ ಶುರುಮಾಡಿ ಏಳು ರಾತ್ರಿ ಮಾತ್ರ ಕ್ಲೋಬಜಾಮ್ ಅನ್ನುವ ಇನ್ನೊಂದು ಫಿಟ್ಸ್ ಮಾತ್ರೆ, 10 ಮಿಲಿಗ್ರಾಂ, ಬರೆದರು. ಇದನ್ನು ದಿನವೂ ತಗೊಂಡರೆ ಕೆಲವರಲ್ಲಿ ದೇಹ ಅದಕ್ಕೆ ಒಗ್ಗಿಕೊಂಡು ಪರಿಣಾಮ ಕಡಿಮೆಯಾಗುತ್ತದೆ, ಅದಕ್ಕೇ ಕೆಲವೇ ದಿನ. ನಿದ್ದೆ ಮಂಪರು ಬರಬಹುದು ಅಂತಲೂ ಹೇಳಿದರು. ಪ್ರೊಜೆಸ್ಟರಾನ್ ಅನ್ನೇ ಕೊಡುವ ದಾರಿಯೂ ಇದೆ. 2012ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಒಟ್ಟಾರೆ ಅದರಿಂದ ಪ್ರಯೋಜನ ಕಾಣಲಿಲ್ಲ. ಮುಟ್ಟಿನ ಹೊತ್ತಲ್ಲಿ ಫಿಟ್ಸ್ ಮೂರು ಪಟ್ಟು ಅಥವಾ ಇನ್ನೂ ಹೆಚ್ಚಾಗುವವರಲ್ಲಿ ಮಾತ್ರ ಫಲ ಕಂಡಿತು. ಸುಧಾ ಆ ಗುಂಪಿಗೇ ಸೇರುತ್ತಾರೆ, ಹಾಗಾಗಿ ಅದನ್ನು ಮುಂದಿನ ಆಯ್ಕೆಯಾಗಿ ಇಟ್ಟುಕೊಂಡರು.

ಮೊದಲ ಎರಡು ತಿಂಗಳು ಆ ಆರು ದಿನಗಳಲ್ಲಿ ತಲಾ ಒಂದೇ ಫಿಟ್ಸ್. ಮೂರನೇ ತಿಂಗಳು ಮುಟ್ಟು ಐದು ದಿನ ಮುಂಚೆ ಬಂತು. ಕ್ಲೋಬಜಾಮ್ ಶುರುವಾಗುವ ಮೊದಲೇ ಎರಡು ಫಿಟ್ಸ್ ಆಗಿಹೋಯಿತು. ಈ ವಿಧಾನದ ಮಿತಿ ಇದೇ. ಚಕ್ರ ಹೆಚ್ಚುಕಡಿಮೆ ಸರಿಯಾಗಿ ಬರುವವರಿಗೆ ಮಾತ್ರ ದಿನ ಊಹಿಸಿ ಮಾತ್ರೆ ಕೊಡಲು ಆಗುತ್ತದೆ. ಗಾಬರಿಯಿಂದ ಗಂಡ "ಎರಡು ಮಾತ್ರೆ ಕೊಟ್ಟುಬಿಡಲಾ?" ಅಂತ ಫೋನ್ ಮಾಡಿದರು. ಬೇಡ, ಡೈರಿ ತಗೊಂಡು ಡಾಕ್ಟರ ಹತ್ತಿರ ಹೋಗಿ ಅಂದೆ. ಫಿಟ್ಸ್ ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೆ ಮಾತ್ರ ಯೋಚಿಸುತ್ತಾ ಕೂರದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಮತ್ತೊಮ್ಮೆ ನೆನಪಿಸಿದೆ.

ಕಳೆದ ಭೇಟಿಯಲ್ಲಿ ಸುಧಾ ಮಗುವಿನ ಬಗ್ಗೆ ಕೇಳಿದರು. ಬಸುರಿಯಾದಾಗ ಲ್ಯಾಮೋಟ್ರಿಜಿನ್ ಪ್ರಮಾಣ ರಕ್ತದಲ್ಲಿ ಇಳಿಯುತ್ತದೆ, ಆಗಾಗ ಪರೀಕ್ಷಿಸಿ ಡೋಸ್ ಹೆಚ್ಚಿಸಬೇಕಾಗಬಹುದು. ಕ್ಲೋಬಜಾಮ್ ಮುಂದುವರಿಸಬೇಕೋ ಬೇಡವೋ ಅನ್ನುವುದೂ ಮೊದಲೇ ತೀರ್ಮಾನವಾಗಬೇಕು. ಹಾಗಾಗಿ ಪ್ರಯತ್ನ ಶುರುಮಾಡುವ ಮುಂಚೆಯೇ ತಜ್ಞರನ್ನು ಕಾಣಿ, ಭಯಪಟ್ಟು ನೀವೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ ಅಂದೆ. ಮುಂದಿನ ವಾರಕ್ಕೆ ಇಬ್ಬರೂ ಸಮಯ ತೆಗೆದುಕೊಂಡಿದ್ದಾರೆ.